ಗ್ರಾಫ್ ಹಾಳೆಯಲ್ಲಿ ಸಿಕ್ಕಿದ ಎರಡು ಸೆಂಟಿಮೀಟರು

ನಾಗರ ಪಂಚಮಿ ಬಂದಿತೆಂದರೆ ನಮ್ಮ ಉತ್ತರ ಕರ್ನಾಟಕದ ಊರುಗಳಲ್ಲಿ ಮರಗಳಿಗೆ ಜೋಕಾಲಿ ಏರುತ್ತದೆ. ಹಗ್ಗ ಉದ್ದವಾದಷ್ಟೂ ಜೋಕಾಲಿ ನಿಧಾನವಾಗಿ ತೂಗುತ್ತದೆ ಎಂಬುದನ್ನು ಜೀಕುವ ಮಕ್ಕಳು ಯಾರೂ ಹೇಳಿಕೊಡದೆಯೇ ಬಲ್ಲರು. ಆದರೆ 'ಎಷ್ಟು ಉದ್ದಕ್ಕೆ ಎಷ್ಟು ನಿಧಾನ?' ಎಂದು ಕೇಳಿದರೆ ಮಾತು ಅಲ್ಲಿಗೆ ನಿಲ್ಲುತ್ತದೆ. ಆ ಪ್ರಶ್ನೆಗೆ ಉತ್ತರ ಹುಡುಕುವ ಪ್ರಯೋಗವೇ ಪಿ.ಯು.ಸಿ. ಮೊದಲ ವರ್ಷದ ಭೌತಶಾಸ್ತ್ರದ ಮಕ್ಕಳು ಮಾಡುವ ಸರಳ ಲೋಲಕದ ಪ್ರಯೋಗ. ಒಂದು ದಾರ, ಅದರ ತುದಿಗೊಂದು ಲೋಹದ ಗುಂಡು, ಒಂದು ಸ್ಟಾಪ್ ವಾಚು. ಇಷ್ಟಿದ್ದರೆ ಪ್ರಯೋಗ ನಡೆಯುತ್ತದೆ. ಕಷ್ಟವಿರುವುದು ಪ್ರಯೋಗದಲ್ಲಿ ಅಲ್ಲ, ಆಮೇಲೆ ಕೈಯಿಂದ ಬರೆಯಬೇಕಾದ ಗ್ರಾಫಿನಲ್ಲಿ.

ಮನೆಯಲ್ಲಿ ಮಗನೋ ಮಗಳೋ ಅಂಥದೊಂದು ಹಾಳೆಯನ್ನು ಮುಂದಿಟ್ಟು 'ಇದು ಸರಿಯಿದೆಯೇ ನೋಡಿ' ಎಂದಾಗ ಹಿರಿಯರು ಸಾಮಾನ್ಯವಾಗಿ ನೋಡುವುದು ಗೆರೆ ಅಂದವಾಗಿದೆಯೇ ಎಂಬುದನ್ನು. ಅಂದವಾದ ಗೆರೆ ಸುಳ್ಳು ಹೇಳಬಹುದು. ತುಸು ಓರೆಯಾಗಿ ಕಂಡ ಗೆರೆ ಯಾರ ಗಮನಕ್ಕೂ ಬಾರದ ಸಂಗತಿಯನ್ನು ಬಯಲಿಗೆ ತರಬಹುದು. ಈ ವಾರ ಅಂಥ ಒಂದು ಹಾಳೆಯನ್ನು ವಾಚಕರೊಡನೆ ಕುಳಿತು ಓದುವುದು ನಮ್ಮ ಉದ್ದೇಶ.

ಒಂದು ಕಲ್ಪನೆ ಮಾಡಿಕೊಳ್ಳೋಣ. 1997ರಲ್ಲಿ ಧಾರವಾಡದಿಂದ ಬೇರ್ಪಟ್ಟು ರೂಪುಗೊಂಡ ಹಾವೇರಿ ಜಿಲ್ಲೆಯ ಹಾನಗಲ್ಲು, ಸವಣೂರು, ಶಿಗ್ಗಾಂವಿ, ಹಿರೇಕೆರೂರುಗಳಲ್ಲಿ ನಾಲ್ವರು ವಿದ್ಯಾರ್ಥಿಗಳಿದ್ದಾರೆ. ನಾಲ್ವರ ಕೈಗೂ ಒಂದೇ ಪ್ರಯೋಗದ ಒಂದೇ ಅಂಕಿಗಳನ್ನು ಕೊಟ್ಟು, 'ಗ್ರಾಫ್ ಬರೆಯಿರಿ' ಎಂದು ಹೇಳಿದ್ದೇವೆ. ಅಂಕಿಗಳು ಒಂದೇ ಆದರೂ ಹಾಳೆಗಳು ನಾಲ್ಕು ಬಗೆಯಾಗಿ ಬರುತ್ತವೆ. ವ್ಯತ್ಯಾಸವೆಲ್ಲ ಗ್ರಾಫ್ ಬರೆದ ಕೈಯದು.

ಮೊದಲು ಅಂಕಿಗಳನ್ನು ನೋಡೋಣ. ದಾರದ ಉದ್ದವನ್ನು 40 ಸೆಂಟಿಮೀಟರಿನಿಂದ ತೊಡಗಿ ಹತ್ತು ಹತ್ತಾಗಿ 100ರವರೆಗೆ ಹೆಚ್ಚಿಸುತ್ತ ಹೋಗಲಾಗಿದೆ. ಪ್ರತಿ ಉದ್ದಕ್ಕೂ ಗುಂಡು ಹೋಗಿ ಬರುವ 20 ಆಂದೋಲನಗಳಿಗೆ ಹಿಡಿದ ಕಾಲವನ್ನು ಬರೆದುಕೊಳ್ಳಲಾಗಿದೆ. ಒಂದೇ ಆಂದೋಲನದ ಕಾಲವನ್ನು ಏಕೆ ಅಳೆಯಬಾರದು? ಸ್ಟಾಪ್ ವಾಚನ್ನು ಒತ್ತುವ ಬೆರಳು ಹೆಚ್ಚುಕಡಿಮೆ ಸೆಕೆಂಡಿನ ಹತ್ತನೆಯ ಒಂದೆರಡು ಭಾಗ ಹಿಂದುಮುಂದಾಗುತ್ತದೆ. ಆ ತಪ್ಪು 20 ಆಂದೋಲನಗಳಿಗೆ ಹಂಚಿಹೋದರೆ ಒಂದೊಂದರ ಪಾಲಿಗೆ ಸೆಕೆಂಡಿನ ನೂರನೆಯ ಒಂದು ಭಾಗದಷ್ಟೇ ಉಳಿಯುತ್ತದೆ. ಒಟ್ಟು ಕಾಲವನ್ನು 20ರಿಂದ ಭಾಗಿಸಿದರೆ ಬರುವುದು ಒಂದು ಆಂದೋಲನದ ಕಾಲ, ಅಂದರೆ ಆವರ್ತ ಕಾಲ. ಅದನ್ನು ಅದರಿಂದಲೇ ಗುಣಿಸಿದರೆ ಆವರ್ತ ಕಾಲದ ವರ್ಗ.

ದಾರದ ಉದ್ದ (ಸೆಂ.ಮೀ.) — 20 ಆಂದೋಲನಗಳ ಕಾಲ (ಸೆಕೆಂಡು) — ಆವರ್ತ ಕಾಲದ ವರ್ಗ (ವರ್ಗ ಸೆಕೆಂಡು)

40 — 26.1 — 1.70
50 — 28.9 — 2.09
60 — 31.6 — 2.50
70 — 34.2 — 2.92
80 — 34.6 — 2.99
90 — 38.5 — 3.71
100 — 40.6 — 4.12

ವರ್ಗ ಮಾಡುವುದಕ್ಕೆ ಕಾರಣವುಂಟು. ಉದ್ದಕ್ಕೆ ಎದುರಾಗಿ ಬರಿಯ ಆವರ್ತ ಕಾಲವನ್ನು ಗುರುತಿಸಿದರೆ ಬರುವುದು ಬಾಗಿದ ಗೆರೆ; ಅದು ಯಾವ ಬಗೆಯ ಬಾಗು ಎಂದು ಕಣ್ಣು ತೀರ್ಮಾನಿಸಲಾರದು. ವರ್ಗವನ್ನು ಗುರುತಿಸಿದರೆ ಬರುವುದು ನೇರ ಗೆರೆ. ನೇರವಾದದ್ದು ನೇರವಾಗಿದೆಯೋ ಇಲ್ಲವೋ ಎಂದು ಹೇಳಲು ಒಂದು ಅಳತೆಪಟ್ಟಿ ಸಾಕು. ಆ ಗೆರೆಯ ಇಳಿಜಾರಿನಿಂದ ಭೂಮಿಯ ಗುರುತ್ವ ವೇಗೋತ್ಕರ್ಷವೂ ಸಿಗುತ್ತದೆ. ಉದ್ದವನ್ನು ಮೀಟರಿನಲ್ಲಿ ಹಿಡಿದು, 39.48 ಎಂಬ ಸಂಖ್ಯೆಯನ್ನು (ಇದು ಪೈ ಸಂಖ್ಯೆಯ ವರ್ಗದ ನಾಲ್ಕರಷ್ಟು) ಇಳಿಜಾರಿನಿಂದ ಭಾಗಿಸಿದರಾಯಿತು.

ಇನ್ನು ಹಾನಗಲ್ಲಿನ ಹಾಳೆ. ಈ ವಿದ್ಯಾರ್ಥಿನಿಗೆ ಲೆಕ್ಕ ಬಲ್ಲ ಬುದ್ಧಿಯುಂಟು, ಆದರೆ ಹಾಳೆಯ ಪ್ರಮಾಣವನ್ನು ಆರಿಸುವಾಗ ಅವಸರ ಮಾಡಿದ್ದಾಳೆ. ಮೇಲ್ಮುಖವಾದ ಅಕ್ಷದಲ್ಲಿ ಒಂದು ಸೆಂಟಿಮೀಟರಿಗೆ 0.3 ವರ್ಗ ಸೆಕೆಂಡು ಎಂದು ಇಟ್ಟುಕೊಂಡಿದ್ದಾಳೆ. ಹಾಗಾದರೆ ಒಂದು ಕಿರು ಚೌಕಕ್ಕೆ 0.03. ಈಗ 2.09 ಎಲ್ಲಿ ಬೀಳುತ್ತದೆ? ಪ್ರತಿ ಚುಕ್ಕೆಗೂ ಮೂರರ ಭಾಗಾಕಾರ ಮಾಡಬೇಕು. ಅದು 69 ಕಿರು ಚೌಕಗಳನ್ನು ದಾಟಿ ಎಪ್ಪತ್ತನೆಯದರ ನಡುವೆ ಎಲ್ಲೋ ಬೀಳುತ್ತದೆ. ಏಳು ಚುಕ್ಕೆಗಳಲ್ಲಿ ಒಂದೆರಡಾದರೂ ಜಾರುವುದು ಖಂಡಿತ. ಆಮೇಲೆ ಆ ಜಾರಿಕೆಯನ್ನು ಯಾರೂ ಪ್ರಮಾಣದ ತಪ್ಪೆಂದು ತಿಳಿಯುವುದಿಲ್ಲ, ಪ್ರಯೋಗದ ತಪ್ಪೆಂದು ತಿಳಿಯುತ್ತಾರೆ. ಆದುದರಿಂದಲೇ ಒಂದು ಸೆಂಟಿಮೀಟರಿಗೆ 1, 2, 5 ಅಥವಾ ಅವುಗಳ ಹತ್ತರಷ್ಟು, ಹತ್ತನೆಯ ಒಂದಷ್ಟು ಎಂಬ ಪ್ರಮಾಣಗಳನ್ನೇ ಆರಿಸಬೇಕು. 3, 7ರ ಸಹವಾಸ ಬೇಡ.

ಇನ್ನೊಂದು ತುದಿಯ ತಪ್ಪೂ ಉಂಟು. ಲೆಕ್ಕ ಸುಲಭವಾಗಲೆಂದು ಒಂದು ಸೆಂಟಿಮೀಟರಿಗೆ 1 ವರ್ಗ ಸೆಕೆಂಡು ಎಂದು ಇಟ್ಟರೆ ಏಳೂ ಚುಕ್ಕೆಗಳು ಎರಡೂವರೆ ಸೆಂಟಿಮೀಟರ್ ಎತ್ತರದೊಳಗೆ ಕೂಡಿಕೊಂಡು, ಪೆನ್ಸಿಲಿನ ಮೊನೆಯ ದಪ್ಪವೇ ಅಳತೆಯ ತಪ್ಪನ್ನು ನುಂಗಿಬಿಡುತ್ತದೆ. ಚುಕ್ಕೆಗಳು ಹಾಳೆಯ ಅರ್ಧಕ್ಕಿಂತ ಹೆಚ್ಚು ಜಾಗವನ್ನು ಆಕ್ರಮಿಸಬೇಕು. ನಮ್ಮ ಅಂಕಿಗಳಿಗೆ ಒಪ್ಪುವುದು ಇದು: ಅಡ್ಡ ಅಕ್ಷದಲ್ಲಿ ಒಂದು ಸೆಂಟಿಮೀಟರಿಗೆ ದಾರದ 10 ಸೆಂಟಿಮೀಟರು, ಮೇಲ್ಮುಖ ಅಕ್ಷದಲ್ಲಿ ಒಂದು ಸೆಂಟಿಮೀಟರಿಗೆ 0.2 ವರ್ಗ ಸೆಕೆಂಡು. ಆಗ ಅತಿ ಎತ್ತರದ ಚುಕ್ಕೆ ಇಪ್ಪತ್ತೂವರೆ ಸೆಂಟಿಮೀಟರಿನ ಬಳಿ ನಿಲ್ಲುತ್ತದೆ, ಒಂದು ಕಿರು ಚೌಕದ ಬೆಲೆ 0.02 ಆಗುತ್ತದೆ. ಬೆರಳಿನ ತಡವರಿಕೆಯಿಂದ ವರ್ಗದಲ್ಲಿ ಬರಬಹುದಾದ ತಪ್ಪು 0.03ರಿಂದ 0.04, ಅಂದರೆ ಸುಮಾರು ಎರಡು ಕಿರು ಚೌಕ. ಈ 'ಎರಡು ಕಿರು ಚೌಕ'ವನ್ನು ವಾಚಕರು ನೆನಪಿನಲ್ಲಿಡಬೇಕು. ಚುಕ್ಕೆ ಗೆರೆಯಿಂದ ಅಷ್ಟು ದೂರ ನಿಂತರೆ ಅದು ಸಹಜ. ಅದಕ್ಕಿಂತ ಬಹಳ ದೂರ ನಿಂತರೆ ಅದಕ್ಕೊಂದು ಕಾರಣವಿರಬೇಕು.

ಸವಣೂರಿನ ಹಾಳೆಯಲ್ಲಿ ಪ್ರಮಾಣ ಸರಿಯಾಗಿದೆ, ಚುಕ್ಕೆಗಳೂ ಸರಿಯಾಗಿವೆ. ಆದರೆ ಅಡ್ಡ ಅಕ್ಷದ ಕೆಳಗೆ 'ಉದ್ದ' ಎಂದೂ ಮೇಲ್ಮುಖ ಅಕ್ಷದ ಪಕ್ಕದಲ್ಲಿ 'ಕಾಲ' ಎಂದೂ ಬರೆದು ಕೈತೊಳೆದುಕೊಂಡಿದ್ದಾನೆ. ಸವಣೂರಿನ ದೊಡ್ಡ ಹುಣಸೆಮರದ ಮಠದ ಅಂಗಳದಲ್ಲಿರುವ ಆ ಮಹಾಕಾಯದ ಮರಗಳ ಸುತ್ತಳತೆ ಹನ್ನೆರಡು ಎಂದು ಯಾರಾದರೂ ಹೇಳಿದರೆ, ಹನ್ನೆರಡು ಅಡಿಯೋ, ಮೀಟರೋ, ಮಾರೋ ಎಂದು ನಾವು ಕೇಳುವುದಿಲ್ಲವೇ? ಅಕ್ಷದ ಹೆಸರಿನ ಮುಂದೆ ಅಳತೆಯ ಮಾನವಿಲ್ಲದಿದ್ದರೆ ಇಳಿಜಾರಿಗೆ ಅರ್ಥವೇ ಇರುವುದಿಲ್ಲ. ಇಲ್ಲಿ ಮೇಲ್ಮುಖವಾಗಿ ಇರುವುದು ಕಾಲವಲ್ಲ, ಕಾಲದ ವರ್ಗ. 'ಕಾಲ' ಎಂದು ಬರೆದುದನ್ನು ನಂಬಿ ಓದಿದವರು 100 ಸೆಂಟಿಮೀಟರಿನ ಲೋಲಕ ಒಮ್ಮೆ ತೂಗಲು ನಾಲ್ಕು ಸೆಕೆಂಡು ಬೇಕೆಂದುಕೊಂಡಾರು. ನಿಜಕ್ಕೂ ಬೇಕಾಗುವುದು ಎರಡೇ ಸೆಕೆಂಡು.

'ಉದ್ದ' ಎಂಬ ಮಾತಿನಲ್ಲಿರುವ ತೊಡಕು ಇನ್ನೂ ಸೂಕ್ಷ್ಮವಾದದ್ದು. ಯಾವುದರ ಉದ್ದ? ಪುಸ್ತಕದ ಸೂತ್ರವು ಕೇಳುವುದು ಲೋಲಕದ ಉದ್ದವನ್ನು. ಅದು ದಾರವನ್ನು ಬಿಗಿಹಿಡಿದ ಬೆಂಡಿನ ಸೀಳಿನಿಂದ ಗುಂಡಿನ ನಡುವಿನವರೆಗಿನ ಅಳತೆ. ನಮ್ಮ ಪಟ್ಟಿಯಲ್ಲಿರುವುದು ದಾರದ ಉದ್ದ. ಅದು ಗುಂಡಿನ ಕೊಕ್ಕೆಗೆ ದಾರ ಕಟ್ಟಿದಲ್ಲಿಗೆ ಮುಗಿಯಿತು. ಕೊಕ್ಕೆ ಮತ್ತು ಗುಂಡಿನ ಅರ್ಧ ಭಾಗ ಲೆಕ್ಕಕ್ಕೆ ಬಂದಿಲ್ಲ. ಅಕ್ಷದ ಕೆಳಗೆ 'ದಾರದ ಉದ್ದ (ಸೆಂ.ಮೀ.)' ಎಂದು ಇದ್ದುದನ್ನು ಇದ್ದಂತೆ ಬರೆದವನಿಗೆ ಮುಂದೆ ಬರುವ ಒಗಟು ಬಿಡಿಸಲು ಸುಲಭ. ಬರಿಯ 'ಉದ್ದ' ಎಂದವನಿಗೆ ಒಗಟು ಒಂದಿದೆ ಎಂಬುದೇ ತಿಳಿಯದು.

ಶಿಗ್ಗಾಂವಿಯ ಹಾಳೆ ನೋಡಲು ಶ್ರಮಪಟ್ಟು ಮಾಡಿದ್ದು. ಪ್ರಮಾಣ, ಹೆಸರು, ಮಾನ ಎಲ್ಲವೂ ಇವೆ. ಆದರೆ ವಿದ್ಯಾರ್ಥಿನಿ ಏಳು ಚುಕ್ಕೆಗಳನ್ನೂ ಒಂದರಿಂದೊಂದಕ್ಕೆ ಗೆರೆ ಎಳೆದು ಕೂಡಿಸಿದ್ದಾಳೆ. ಆ ಮುರುಕು ಗೆರೆ ಏನು ಹೇಳುತ್ತಿದೆ ನೋಡಿ. ದಾರ 60ರಿಂದ 70ಕ್ಕೆ ಹೋದಾಗ ವರ್ಗವು 0.42 ಹೆಚ್ಚಿತು; 70ರಿಂದ 80ಕ್ಕೆ ಹೋದಾಗ 0.07 ಮಾತ್ರ, ಮತ್ತೆ 80ರಿಂದ 90ಕ್ಕೆ ಒಮ್ಮೆಲೇ 0.72. ಅಂದರೆ ಲೋಲಕವು ಎಂಬತ್ತರ ಹತ್ತಿರ ಬಂದು ದಣಿವಾರಿಸಿಕೊಂಡು, ಆಮೇಲೆ ನೆಗೆಯಿತೆಂದು ಅರ್ಥ! ದಾರಕ್ಕೂ ಗುಂಡಿಗೂ ಅಂಥ ಗುಣವಿಲ್ಲ. ಚುಕ್ಕೆ ಎಂದರೆ ಒಂದು ಅಳತೆ. ಪ್ರತಿ ಅಳತೆಯಲ್ಲೂ ಕೈಯ ತಪ್ಪು ಸ್ವಲ್ಪ ಬೆರೆತಿರುತ್ತದೆ. ಚುಕ್ಕೆಯಿಂದ ಚುಕ್ಕೆಗೆ ಗೆರೆ ಎಳೆದರೆ ಆ ತಪ್ಪನ್ನೂ ಪ್ರಕೃತಿಯ ನಿಯಮವೆಂದು ಬರೆದಂತಾಯಿತು. ಎಲ್ಲ ಚುಕ್ಕೆಗಳ ನಡುವೆ, ಯಾವುದೊಂದಕ್ಕೂ ಅಂಟಿಕೊಳ್ಳದೆ, ಎಲ್ಲವಕ್ಕೂ ಹತ್ತಿರವಾಗಿ ಹಾದುಹೋಗುವ ಒಂದೇ ನೇರ ಗೆರೆಯೇ ಬೇಕಾದದ್ದು. ಅದಕ್ಕೆ ಅತ್ಯುತ್ತಮವಾಗಿ ಹೊಂದುವ ರೇಖೆ ಎಂದು ಹೆಸರು.

ಹಾಗಾದರೆ 80ರ ಚುಕ್ಕೆಯ ಗತಿ ಏನು? ಉಳಿದ ಆರು ಚುಕ್ಕೆಗಳ ನಡುವೆ ಅಳತೆಪಟ್ಟಿ ಇಟ್ಟು ನೋಡಿದರೆ 80ಕ್ಕೆ 3.31 ಇರಬೇಕಿತ್ತು, ಇರುವುದು 2.99. ಅಂತರ 0.32, ಎಂದರೆ ಹದಿನಾರು ಕಿರು ಚೌಕ. ಬೆರಳಿನ ತಪ್ಪಿಗೆ ನಾವು ಕೊಟ್ಟ ಸಲುಗೆ ಎರಡು ಚೌಕ ಮಾತ್ರ. ಇಲ್ಲಿ ಬೇರೇನೋ ನಡೆದಿದೆ. ಈ ಘಳಿಗೆಯಲ್ಲಿ ಮಕ್ಕಳಿಗೆ ರಬ್ಬರಿನ ಆಸೆ ಬಲವಾಗುತ್ತದೆ. ಚುಕ್ಕೆಯನ್ನು ಅಳಿಸಿ, ಗೆರೆ ಹೋಗುವಲ್ಲಿಗೆ ಎತ್ತಿಟ್ಟು, ಪಟ್ಟಿಯಲ್ಲಿ 34.6 ಇದ್ದುದನ್ನು 36.4 ಎಂದು ತಿದ್ದಿಬಿಟ್ಟರೆ ಯಾರಿಗೆ ತಿಳಿದೀತು? ಮನೆಯಲ್ಲಿ ಹಿರಿಯರೂ ಒಮ್ಮೊಮ್ಮೆ 'ಒಂದು ಚುಕ್ಕೆ ತಾನೇ, ಸರಿಮಾಡು' ಎನ್ನುವುದುಂಟು.

ಅಳಿಸುವ ಮೊದಲು ಆ ಚುಕ್ಕೆಯನ್ನೇ ವಿಚಾರಿಸಬೇಕು. ಗೆರೆಯ ಪ್ರಕಾರ ವರ್ಗ 3.31 ಇದ್ದರೆ ಆವರ್ತ ಕಾಲ 1.82 ಸೆಕೆಂಡು; 20 ಆಂದೋಲನಗಳಿಗೆ 36.4 ಸೆಕೆಂಡು. ಬರೆದಿರುವುದು 34.6. ಕೊರತೆ 1.8 ಸೆಕೆಂಡು. ಇದು ಹೆಚ್ಚೂಕಡಿಮೆ ಸರಿಯಾಗಿ ಒಂದು ಆಂದೋಲನದ ಕಾಲ! ಕಳ್ಳ ಸಿಕ್ಕಿಬಿದ್ದ. ಸ್ಟಾಪ್ ವಾಚನ್ನು ಒತ್ತಿದ ಕ್ಷಣದಲ್ಲಿ 'ಸೊನ್ನೆ' ಎನ್ನುವ ಬದಲು 'ಒಂದು' ಎಂದು ಎಣಿಕೆ ತೊಡಗಿದರೆ, 'ಇಪ್ಪತ್ತು' ಎನ್ನುವ ಹೊತ್ತಿಗೆ ಗುಂಡು ಹತ್ತೊಂಬತ್ತು ಸಲ ಮಾತ್ರ ತೂಗಿರುತ್ತದೆ. ಲೋಲಕದ ಪ್ರಯೋಗದಲ್ಲಿ ಇದು ಬಹು ಹಳೆಯ, ಬಹು ಸಾಮಾನ್ಯವಾದ ತಪ್ಪು. ಈಗ ಮಾಡಬೇಕಾದದ್ದು ಸ್ಪಷ್ಟ. ದಾರವನ್ನು ಮತ್ತೆ 80ಕ್ಕೆ ಕಟ್ಟಿ, ಸೊನ್ನೆಯಿಂದ ಎಣಿಸಿ, ಕಾಲವನ್ನು ಹೊಸದಾಗಿ ಅಳೆಯಬೇಕು. ಹೊಸ ಅಳತೆ 36.4ರ ಆಸುಪಾಸಿಗೆ ಬಂದರೆ ಅನುಮಾನ ನಿಜವಾಯಿತು. ಹೊಸ ಚುಕ್ಕೆಯನ್ನು ಗುರುತಿಸಬೇಕು. ಹಳೆಯ ಚುಕ್ಕೆಯ ಸುತ್ತ ಒಂದು ವೃತ್ತ ಎಳೆದು 'ಎಣಿಕೆಯ ತಪ್ಪು' ಎಂದು ಪಕ್ಕದಲ್ಲಿ ಬರೆಯಬೇಕು. ಮತ್ತೆ ಅಳೆಯಲು ಪ್ರಯೋಗಶಾಲೆಯಲ್ಲಿ ವೇಳೆ ಸಿಗದೆ ಹೋದರೆ ಚುಕ್ಕೆಯನ್ನು ವೃತ್ತದೊಳಗೇ ಬಿಟ್ಟು, ಗೆರೆಯನ್ನು ಉಳಿದ ಆರರಿಂದ ಎಳೆದು, ಹಾಗೆ ಮಾಡಿದೆನೆಂದು ಹೇಳಬೇಕು. ಮತ್ತೆ ಅಳೆದಾಗಲೂ 34.6 ಬಂದರೆ? ಆಗ ನಮ್ಮ ಅನುಮಾನವೇ ತಪ್ಪು. ಕಾರಣವನ್ನು ಬೇರೆ ಕಡೆ ಹುಡುಕಬೇಕು. ಕಾರಣ ಹೇಳಿ ಬದಿಗಿಟ್ಟ ಚುಕ್ಕೆಗೂ ಕದ್ದು ಅಳಿಸಿದ ಚುಕ್ಕೆಗೂ ಇರುವ ವ್ಯತ್ಯಾಸ ಇದೇ: ಮೊದಲನೆಯದನ್ನು ಇನ್ನೊಬ್ಬರು ಬಂದು ಪರೀಕ್ಷಿಸಬಹುದು.

ಈಗ ಹಿರೇಕೆರೂರಿನ ಹಾಳೆ. ನಾಲ್ಕರಲ್ಲಿ ಅತಿ ಅಂದವಾದದ್ದು ಇದೇ. ಎಂಬತ್ತರ ಚುಕ್ಕೆಯನ್ನು ವೃತ್ತದೊಳಗೆ ಬದಿಗಿಟ್ಟು, ಉಳಿದ ಚುಕ್ಕೆಗಳ ನಡುವೆ ಒಂದೇ ನೇರ ಗೆರೆ ಎಳೆಯಲಾಗಿದೆ. ಆದರೆ ಈ ವಿದ್ಯಾರ್ಥಿ ಪುಸ್ತಕವನ್ನು ಓದಿಕೊಂಡಿದ್ದಾನೆ. ಲೋಲಕದ ಉದ್ದ ಸೊನ್ನೆಯಾದರೆ ಆವರ್ತ ಕಾಲವೂ ಸೊನ್ನೆ, ಆದುದರಿಂದ ಗೆರೆ ಮೂಲಬಿಂದುವಿನ ಮೂಲಕವೇ ಹೋಗಬೇಕು ಎಂದು ಅವನ ವಾದ. ಅಳತೆಪಟ್ಟಿಯ ಒಂದು ತುದಿಯನ್ನು ಮೂಲಬಿಂದುವಿಗೆ ಒತ್ತಿಹಿಡಿದು, ಇನ್ನೊಂದು ತುದಿಯನ್ನು ಚುಕ್ಕೆಗಳಿಗೆ ಒಗ್ಗಿಸಿ ಗೆರೆ ಎಳೆದಿದ್ದಾನೆ. ಗೆರೆ ಚುಕ್ಕೆಗಳ ಹತ್ತಿರವೇ ಹೋಗಿದೆ. ದೂರದಿಂದ ನೋಡಿದವರು ಶಹಬ್ಬಾಸ್ ಎನ್ನಬೇಕು. ಅವನಿಗೆ ಸಿಕ್ಕಿದ ಇಳಿಜಾರು ಮೀಟರಿಗೆ 4.15 ವರ್ಗ ಸೆಕೆಂಡು. 39.48ನ್ನು ಅದರಿಂದ ಭಾಗಿಸಿದರೆ ಗುರುತ್ವ ವೇಗೋತ್ಕರ್ಷ 9.51. ಪುಸ್ತಕ ಹೇಳುವುದು 9.8.

ತಪ್ಪು ಎಲ್ಲಿದೆ? ಗೆರೆಯ ಹತ್ತಿರ ಕಣ್ಣು ತಂದು ಚುಕ್ಕೆಗಳನ್ನು ಎಡದಿಂದ ಬಲಕ್ಕೆ ಒಂದೊಂದಾಗಿ ನೋಡಬೇಕು. ನಲವತ್ತರದು ಗೆರೆಗಿಂತ ಮೇಲೆ. ಐವತ್ತರದು, ಅರವತ್ತರದು, ಎಪ್ಪತ್ತರದು ಕೂಡ ಮೇಲೆ. ತೊಂಬತ್ತರದು ಕೆಳಗೆ, ನೂರರದು ಇನ್ನೂ ಕೆಳಗೆ. ಒಂದೊಂದರ ಅಂತರ ಕಿರು ಚೌಕ ಒಂದೋ ಎರಡೋ ಮಾತ್ರ. ಬಿಡಿಬಿಡಿಯಾಗಿ ನೋಡಿದರೆ ಯಾವುದನ್ನೂ ದೂರುವಂತಿಲ್ಲ. ಆದರೆ ಬೆರಳಿನ ತಡವರಿಕೆಯಿಂದ ಬಂದ ತಪ್ಪು ಹೀಗೆ ಸಾಲುಗಟ್ಟಿ ನಿಲ್ಲುವುದಿಲ್ಲ. ಒಂದು ಮೇಲೆ, ಒಂದು ಕೆಳಗೆ, ಮತ್ತೆರಡು ಮೇಲೆ, ಹೀಗೆ ಚೆದುರಿರುತ್ತದೆ. ಆರಂಭದ ಚುಕ್ಕೆಗಳೆಲ್ಲ ಒಂದು ಕಡೆ, ಕೊನೆಯವೆಲ್ಲ ಇನ್ನೊಂದು ಕಡೆ ನಿಂತಿದ್ದರೆ ಗೆರೆಯೇ ಓರೆಯಾಗಿದೆಯೆಂದು ತಿಳಿಯಬೇಕು. ಎರಡು ಪಕ್ಕಗಳಲ್ಲೂ ಚುಕ್ಕೆಗಳ ಸಂಖ್ಯೆ ಸಮವಾಗಿದ್ದರೆ ಸಾಕೆಂದು ಹಲವರು ನಂಬಿರುತ್ತಾರೆ. ಅದು ಸಾಲದು, ಗೆರೆಯ ಉದ್ದಕ್ಕೂ ಅವು ಎರಡೂ ಕಡೆ ಹಂಚಿರಬೇಕು.

ಹಾಗಾದರೆ ಗೆರೆಯನ್ನು ಎಳೆಯುವ ಕ್ರಮ ಯಾವುದು? ಪಾರದರ್ಶಕವಾದ ಅಳತೆಪಟ್ಟಿ ಇದ್ದರೆ ಒಳ್ಳೆಯದು. ಎರಡೂ ಬದಿಯ ಚುಕ್ಕೆಗಳು ಒಟ್ಟಿಗೆ ಕಾಣುತ್ತವೆ. ಇಲ್ಲದಿದ್ದರೆ ಕಪ್ಪು ದಾರವೊಂದನ್ನು ಬಿಗಿಯಾಗಿ ಹಿಡಿದು ಹಾಳೆಯ ಮೇಲೆ ಸರಿಸುತ್ತ ನೋಡಬಹುದು. ಇನ್ನೊಂದು ಉಪಾಯ ಲೆಕ್ಕದ ಬಲವುಳ್ಳದ್ದು. ಒಪ್ಪಿಕೊಂಡ ಆರು ಉದ್ದಗಳನ್ನು ಕೂಡಿಸಿ ಆರರಿಂದ ಭಾಗಿಸಿದರೆ 68.3. ಆರು ವರ್ಗಗಳನ್ನು ಕೂಡಿಸಿ ಭಾಗಿಸಿದರೆ 2.84. ಈ ಸರಾಸರಿಯ ಸ್ಥಾನವನ್ನು ಹಾಳೆಯ ಮೇಲೆ ಗುಣಾಕಾರದ ಚಿಹ್ನೆಯಿಂದ ಗುರುತಿಸಬೇಕು. ಅತ್ಯುತ್ತಮವಾಗಿ ಹೊಂದುವ ಗೆರೆ ಈ ಸ್ಥಾನದ ಮೂಲಕ ಹೋಗಿಯೇ ಹೋಗುತ್ತದೆ. ಪೆನ್ಸಿಲಿನ ಮೊನೆಯನ್ನು ಅಲ್ಲಿ ಊರಿ, ಅಳತೆಪಟ್ಟಿಯನ್ನು ಅದಕ್ಕೆ ಆನಿಸಿ ಮೆಲ್ಲಗೆ ತಿರುಗಿಸುತ್ತ, ಎರಡು ತುದಿಗಳಲ್ಲೂ ಚುಕ್ಕೆಗಳು ಸಮನಾಗಿ ಹಂಚಿದಾಗ ನಿಲ್ಲಿಸಬೇಕು. ಮೂಲಬಿಂದುವನ್ನು ಆ ಹೊತ್ತಿಗೆ ಮರೆತಿರಬೇಕು. ಅಲ್ಲಿ ಯಾರೂ ಅಳತೆ ಮಾಡಿಲ್ಲ.

ಹಾಗೆ ಎಳೆದ ಗೆರೆಯ ಮೇಲೆ ದೂರದೂರದ ಎರಡು ಸ್ಥಾನಗಳನ್ನು ಆರಿಸಿಕೊಳ್ಳೋಣ. ಇವು ಅಳೆದ ಚುಕ್ಕೆಗಳಾಗಿರಕೂಡದು, ಗೆರೆಯ ಮೇಲಿನ ಸ್ಥಾನಗಳಾಗಿರಬೇಕು. 10 ಸೆಂಟಿಮೀಟರಿನಲ್ಲಿ ಗೆರೆ 0.48 ಎಂದು ಓದುತ್ತದೆ, 110ರಲ್ಲಿ 4.52. ನೂರು ಸೆಂಟಿಮೀಟರಿಗೆ, ಅಂದರೆ ಒಂದು ಮೀಟರಿಗೆ, ಏರಿಕೆ 4.04. 39.48ನ್ನು 4.04ರಿಂದ ಭಾಗಿಸಿದರೆ 9.77. ಗೆರೆಯನ್ನು ಬಿಟ್ಟು ಅಕ್ಕಪಕ್ಕದ ಎರಡು ಚುಕ್ಕೆಗಳನ್ನೇ ಹಿಡಿದಿದ್ದರೆ? 40 ಮತ್ತು 50ರ ಚುಕ್ಕೆಗಳಿಂದ 10.12 ಬರುತ್ತಿತ್ತು, 60 ಮತ್ತು 70ರಿಂದ 9.40. ಗೆರೆ ಎಳೆಯುವ ಶ್ರಮವೆಲ್ಲ ಇದನ್ನು ತಪ್ಪಿಸುವುದಕ್ಕಾಗಿಯೇ.

ಒಂದು ಮಾತನ್ನು ಇಲ್ಲಿಯೇ ಹೇಳಬೇಕು. ಪುಸ್ತಕದ 9.8 ಎಲ್ಲ ಊರಿಗೂ ಒಂದೇ ಅಲ್ಲ. 1672ರಲ್ಲಿ ಝಾಂ ರಿಶೇ ಎಂಬ ಫ್ರೆಂಚ್ ಖಗೋಳಜ್ಞನು ಪ್ಯಾರಿಸ್ಸಿನಲ್ಲಿ ಸರಿಹೊಂದಿಸಿದ ಲೋಲಕದ ಗಡಿಯಾರವನ್ನು ಭೂಮಧ್ಯರೇಖೆಗೆ ಸಮೀಪದ ಕಾಯೆನ್ನಿಗೆ ಕೊಂಡೊಯ್ದಾಗ ಅದು ದಿನಕ್ಕೆ ಸುಮಾರು ಎರಡೂವರೆ ನಿಮಿಷ ಹಿಂದೆ ಬೀಳತೊಡಗಿತು. ಭೂಮಧ್ಯರೇಖೆಯ ಕಡೆಗೆ ಬಂದಷ್ಟೂ ಗುರುತ್ವ ತುಸು ಕಡಿಮೆ. ನಮ್ಮ ನಾಲ್ಕು ಊರುಗಳೂ ಹದಿನಾಲ್ಕು ಹದಿನೈದು ಡಿಗ್ರಿ ಅಕ್ಷಾಂಶದ ಸುತ್ತ, ಸಮುದ್ರಮಟ್ಟದಿಂದ ಅರ್ಧ ಕಿಲೋಮೀಟರಿಗೂ ಮೇಲೆ ಇರುವುದರಿಂದ ಅಲ್ಲಿಯ ಬೆಲೆ ಸುಮಾರು 9.78. ನಾಲ್ಕು ಊರುಗಳ ನಡುವಿನ ವ್ಯತ್ಯಾಸ ಸ್ಟಾಪ್ ವಾಚಿಗೂ ದಾರಕ್ಕೂ ಎಟುಕದಷ್ಟು ಕಿರಿದು.

ಇನ್ನು ಆ ಒಗಟು. ನಮ್ಮ ಗೆರೆಯನ್ನು ಕೆಳಗೆ ಎಡಕ್ಕೆ ಮುಂದುವರಿಸಿದರೆ ಅದು ಮೂಲಬಿಂದುವಿಗೆ ಹೋಗಿ ಸೇರುವುದಿಲ್ಲ. ಮೇಲ್ಮುಖ ಅಕ್ಷವನ್ನು 0.08ರಲ್ಲಿ ದಾಟಿ, ಇನ್ನೂ ಎಡಕ್ಕೆ ಹೋಗಿ, ಅಡ್ಡ ಅಕ್ಷವನ್ನು ಸೊನ್ನೆಗಿಂತ ಎರಡು ಸೆಂಟಿಮೀಟರ್ ಹಿಂದೆ ಮುಟ್ಟುತ್ತದೆ. ದಾರದ ಉದ್ದ ಮೈನಸ್ ಎರಡು ಸೆಂಟಿಮೀಟರ್ ಇದ್ದಾಗ ಆವರ್ತ ಕಾಲ ಸೊನ್ನೆಯಂತೆ! ಮೈನಸ್ ಎರಡು ಸೆಂಟಿಮೀಟರಿನ ದಾರವನ್ನು ಯಾವ ಅಂಗಡಿಯಲ್ಲೂ ಮಾರುವುದಿಲ್ಲ. ಗೆರೆ ಹೇಳುತ್ತಿರುವುದು ಬೇರೆ: 'ನೀವು ಬರೆದ ಪ್ರತಿಯೊಂದು ಉದ್ದದಲ್ಲೂ ಎರಡು ಸೆಂಟಿಮೀಟರ್ ಕಡಿಮೆಯಿದೆ.' ಅದೇ ನಾವು ಸವಣೂರಿನ ಹಾಳೆಯ ಮುಂದೆ ಅನುಮಾನಿಸಿದ್ದು; ಕೊಕ್ಕೆಯ ಉದ್ದ ಮತ್ತು ಗುಂಡಿನ ತ್ರಿಜ್ಯ. ಏಳು ಅಳತೆಗಳಲ್ಲೂ ಒಂದೇ ಪ್ರಮಾಣದಲ್ಲಿ ಬಿಟ್ಟುಹೋದದ್ದರಿಂದ ಇಡೀ ಗೆರೆ ಪಕ್ಕಕ್ಕೆ ಸರಿಯಿತು, ಆದರೆ ಅದರ ಇಳಿಜಾರು ಕೆಡಲಿಲ್ಲ. ಆದುದರಿಂದಲೇ 9.77 ಸರಿಯಾಗಿ ಬಂದಿತು. ಹಿರೇಕೆರೂರಿನ ವಿದ್ಯಾರ್ಥಿ ಗೆರೆಯನ್ನು ಮೂಲಬಿಂದುವಿಗೆ ಎಳೆದು ಕಟ್ಟಿದಾಗ, ಪಕ್ಕಕ್ಕೆ ಸರಿದಿದ್ದ ತಪ್ಪು ಇಳಿಜಾರಿನೊಳಗೆ ನುಗ್ಗಿತು. ಹಾಳೆ ತಾನಾಗಿ ಒಪ್ಪಿಸುತ್ತಿದ್ದ ಸಾಕ್ಷ್ಯವನ್ನು ಅವನ ಅಳತೆಪಟ್ಟಿ ಬಾಯಿಮುಚ್ಚಿಸಿತು.

ಇದರ ಪರೀಕ್ಷೆ ಸುಲಭ. ಎರಡು ಸೆಕೆಂಡಿನ ಆವರ್ತ ಕಾಲವುಳ್ಳ ಲೋಲಕದ ಉದ್ದವನ್ನು ಗ್ರಾಫಿನಿಂದ ಓದಿರಿ ಎಂದು ಈ ಪ್ರಯೋಗದಲ್ಲೇ ಕೇಳುತ್ತಾರೆ. ಎರಡರ ವರ್ಗ ನಾಲ್ಕು. ನಮ್ಮ ಗೆರೆಯ ಮೇಲೆ ನಾಲ್ಕಕ್ಕೆ ಸರಿಯಾಗಿ ದಾರದ ಉದ್ದ 97. ಗೆರೆಯೇ ತೋರಿಸಿಕೊಟ್ಟ ಎರಡನ್ನು ಕೂಡಿಸಿದರೆ 99 ಸೆಂಟಿಮೀಟರು. ಅಲ್ಲಿಯ ಗುರುತ್ವಕ್ಕೆ ಸೂತ್ರ ಕೊಡುವ ಉತ್ತರ 99.1.

ಆದರೂ ಗೆರೆಯ ಮಾತಿಗೆ ಒಂದು ಮಿತಿಯುಂಟು. ಅಳತೆಪಟ್ಟಿಯನ್ನು ಒಂದು ತುದಿಯಲ್ಲಿ ಒಂದು ಕಿರು ಚೌಕ ಮೇಲೆ, ಇನ್ನೊಂದು ತುದಿಯಲ್ಲಿ ಒಂದು ಚೌಕ ಕೆಳಗೆ ಓರೆಮಾಡಿ, ಆಮೇಲೆ ಅದನ್ನೇ ತಿರುವುಮುರುವು ಮಾಡಿ ನೋಡಿದರೆ ಗುರುತ್ವದ ಬೆಲೆ 9.6ರಿಂದ 9.9ರವರೆಗೆ ಓಡಾಡುತ್ತದೆ, ಬಿಟ್ಟುಹೋದ ಉದ್ದವೂ ಒಂದರಿಂದ ಮೂರು ಸೆಂಟಿಮೀಟರಿನವರೆಗೆ ಬದಲಾಗುತ್ತದೆ. ಆದುದರಿಂದ 9.77ರ ಕೊನೆಯ ಏಳರ ಮೇಲೆ ಪ್ರತಿಜ್ಞೆ ಮಾಡಬಾರದು, 'ಸುಮಾರು 9.8' ಎಂಬುದೇ ಪ್ರಾಮಾಣಿಕವಾದ ಉತ್ತರ. ಎರಡು ಸೆಂಟಿಮೀಟರಿನ ಸಂಗತಿಯನ್ನೂ ಗೆರೆಯ ಮಾತಿನಿಂದಲೇ ತೀರ್ಮಾನಿಸದೆ, ಗುಂಡನ್ನು ವರ್ನಿಯರ್ ಕ್ಯಾಲಿಪರ್ಸಿನ ಬಾಯಿಗೆ ಕೊಟ್ಟು ವ್ಯಾಸವನ್ನೂ, ಪಟ್ಟಿಯಿಂದ ಕೊಕ್ಕೆಯನ್ನೂ ಅಳೆದು ನೋಡಬೇಕು. ಗುಂಡಿನ ವ್ಯಾಸ ಎರಡೂವರೆ ಸೆಂಟಿಮೀಟರ್, ಕೊಕ್ಕೆ ಮುಕ್ಕಾಲು ಸೆಂಟಿಮೀಟರ್ ಎಂದು ಬಂದರೆ ತ್ರಿಜ್ಯವೂ ಕೊಕ್ಕೆಯೂ ಕೂಡಿ ಸರಿಯಾಗಿ ಎರಡಾಯಿತು, ಲೆಕ್ಕ ತಾಳೆಯಾಯಿತು. ಅರ್ಧ ಸೆಂಟಿಮೀಟರ್ ಮಾತ್ರ ಬಂದರೆ ದಾರ ಬೆಂಡಿನ ಸೀಳಿನಲ್ಲಿ ಜಾರುತ್ತಿತ್ತೋ, ಅಳತೆಪಟ್ಟಿಯ ಸವೆದ ತುದಿಯಿಂದ ಅಳೆದರೋ ಎಂದು ವಿಚಾರಿಸಬೇಕು. ಗುಂಡನ್ನು ಬಹಳ ದೂರ ಎಳೆದು ಬಿಟ್ಟರೂ ಕಾಲ ಹೆಚ್ಚುತ್ತದೆ. ಇಪ್ಪತ್ತು ಡಿಗ್ರಿ ಓರೆಯಲ್ಲಿ ಬಿಟ್ಟರೆ ನೂರಕ್ಕೆ ಮುಕ್ಕಾಲು ಭಾಗದಷ್ಟು. ಹಾಗಾಗಿ ಅಲ್ಪವಾದ ತೂಗಾಟದಲ್ಲೇ ಅಳೆಯಬೇಕು.

ಇನ್ನೊಂದು ವಿಚಿತ್ರವನ್ನು ಹೇಳಿ ಮುಗಿಸುತ್ತೇವೆ. ಎಂಬತ್ತರ ತಪ್ಪು ಚುಕ್ಕೆಯನ್ನು ಹಾಗೆಯೇ ಸೇರಿಸಿಕೊಂಡು, ಏಳೂ ಚುಕ್ಕೆಗಳಿಗೆ ಮೂಲಬಿಂದುವಿನಿಂದ ಗೆರೆ ಎಳೆದು ಲೆಕ್ಕ ಮಾಡಿದರೆ ಗುರುತ್ವ 9.69 ಬರುತ್ತದೆ. ಒಂದೇ ತಪ್ಪು ಮಾಡಿದ ಹಿರೇಕೆರೂರಿನವನ 9.51ಕ್ಕಿಂತ ಎರಡು ತಪ್ಪು ಮಾಡಿದವನ ಉತ್ತರ ಪುಸ್ತಕಕ್ಕೆ ಹತ್ತಿರ! ಒಂದು ತಪ್ಪು ಗೆರೆಯನ್ನು ಎತ್ತಿತು, ಇನ್ನೊಂದು ಇಳಿಸಿತು. ಆದುದರಿಂದ ಮಕ್ಕಳು ಹಾಳೆ ತಂದಾಗ ಮೊದಲು ಕೊನೆಯ ಸಾಲಿನ ಉತ್ತರವನ್ನು ನೋಡಬಾರದು. ಪ್ರಮಾಣ ಓದಲು ಬರುವಂತಿದೆಯೇ, ಅಕ್ಷದ ಹೆಸರು ನಿಜಕ್ಕೂ ಅಳೆದ ವಸ್ತುವಿನದೇ, ಚುಕ್ಕೆಗಳು ಗೆರೆಯ ಎರಡೂ ಬದಿಗೆ ಉದ್ದಕ್ಕೂ ಹಂಚಿವೆಯೇ ಎಂದು ಕ್ರಮವಾಗಿ ನೋಡಬೇಕು. ಗೆರೆಯಿಂದ ದೂರ ನಿಂತ ಚುಕ್ಕೆಯೊಂದು ಕಂಡರೆ, ರಬ್ಬರನ್ನು ಮೇಜಿನ ಸೆಳೆಖಾನೆಯೊಳಗೆ ಇಟ್ಟು, 'ಎಣಿಕೆಯನ್ನು ಯಾವ ಸಂಖ್ಯೆಯಿಂದ ತೊಡಗಿದೆ?' ಎಂದು ಕೇಳಬೇಕು.